ರಾಗಿಯಲ್ಲಿ ಕಬ್ಬಿಣ ಇದ್ದರೆ ಸಾಕೇ?

ನಮ್ಮ ಕಡೆ ಯಾರಿಗಾದರೂ ರಕ್ತ ಕಡಿಮೆ ಇದೆ ಎಂದರೆ ಮೊದಲು ಸಿಗುವ ಸಲಹೆ ‘ರಾಗಿ ತಿನ್ನಿ’. ಈ ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಎನ್ನುವುದು ನಮ್ಮ ಅಭಿಪ್ರಾಯ. ರಾಗಿಯಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ. ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ತಿಂದದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ.

ಬರೀ ಬೇಯಿಸಿದರೆ ಫೈಟೇಟ್ ಹೆಚ್ಚು ಕಡಿಮೆಯಾಗದು. ಅದನ್ನು ಒಡೆಯುವ ಫೈಟೇಸ್ ಎಂಬ ಕಿಣ್ವ ಕಾಳಿನೊಳಗೇ ಇದೆ. ನೀರು ತಾಗಿ ಮೊಳಕೆ ಬರುವಾಗ ಅದು ಕೆಲಸ ಶುರು ಮಾಡುತ್ತದೆ, ಕುದಿಯುವ ಬಿಸಿಗೆ ಕೆಟ್ಟುಹೋಗುತ್ತದೆ. ಆದ್ದರಿಂದ ಮೊದಲು ನೆನೆಸಬೇಕು, ಆಮೇಲೆ ಮೊಳಕೆ ಕಟ್ಟಬೇಕು, ಬೇಯಿಸುವುದು ಕೊನೆಗೆ.

ಒಂದು ಕೆಜಿ ರಾಗಿಯ ಲೆಕ್ಕ ನೋಡೋಣ. ಕಲ್ಲು, ಮಣ್ಣು ತೆಗೆದು ತೊಳೆದು, ಸಂಜೆ ಎರಡು ಲೀಟರ್ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಒಂದೂವರೆ, ಎರಡು ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ಆಗ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ ಬೇರು ಕೇರಿ, ಹದವಾಗಿ ಹುರಿದು ಗಿರಣಿಗೆ ಕೊಡಿ. ಕಾಳು ಲೋಳೆಯಾಗಿ ಕೆಟ್ಟ ವಾಸನೆ ಬಂದರೆ ಅಥವಾ ಬೂಷ್ಟು ಹಿಡಿದರೆ ಎಸೆದುಬಿಡಿ. ಔಷಧ ಸವರಿದ ಬಿತ್ತನೆ ಬೀಜವನ್ನಂತೂ ಯಾವ ಕಾರಣಕ್ಕೂ ಬಳಸಬೇಡಿ.

ಈ ಹಿಟ್ಟಿನಲ್ಲಿ ಮುದ್ದೆ ಸರಿಯಾಗಿ ಕಟ್ಟಲು ಬರುವುದಿಲ್ಲ. ಮೊಳಕೆಯಲ್ಲಿ ಪಿಷ್ಟ ಒಡೆದಿರುವುದರಿಂದ ಅಂಟು ಕಡಿಮೆ. ಆದರೆ ಮಗುವಿನ ಗಂಜಿಗೆ ಇದೇ ಅನುಕೂಲ. ಹಿಟ್ಟು ಸ್ವಲ್ಪ ಹೆಚ್ಚು ಹಾಕಿದರೂ ಗಂಜಿ ಗಟ್ಟಿಯಾಗದು, ಒಂದೇ ಬಟ್ಟಲಿನಲ್ಲಿ ಮಗುವಿನ ಹೊಟ್ಟೆಗೆ ಹೆಚ್ಚು ರಾಗಿ ಹೋಗುತ್ತದೆ. ಅದಕ್ಕೇ ಈ ಹಿಟ್ಟಿಗೆ ಬೇರೆ ಡಬ್ಬಿ ಇಡಿ ಎನ್ನುತ್ತೇವೆ.

ಹಾಗಾದರೆ ಮುದ್ದೆ ಉಣ್ಣುವ ದೊಡ್ಡವರು ಏನು ಮಾಡಬೇಕು? ಮುದ್ದೆ ಎಂದಿನಂತೆಯೇ ಇರಲಿ, ಜೊತೆಗೆ ಮೊಳಕೆ ಹುರುಳಿಕಾಳಿನ ಸಾರು ಮಾಡಿ. ತಟ್ಟೆಗೆ ಬಡಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಅದರ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ, ಒಲೆಯ ಮೇಲೆ ಕುದಿಸಿದರೆ ಒಂದಷ್ಟು ನಾಶವಾಗುತ್ತದೆ. ಉಂಡ ಕೂಡಲೇ ಟೀ ಕುಡಿಯುವ ಅಭ್ಯಾಸ ಬಿಡಿ, ಟೀಯ ಒಗರು ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಒಂದು ಗಂಟೆ ಕಳೆದು ಕುಡಿಯಿರಿ.

ಮೊಳಕೆ ಕಟ್ಟಿದರೆ ಫೈಟೇಟ್ ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಬಸುರಿಗೆ, ಬಾಣಂತಿಗೆ ಕೊಟ್ಟ ಕಬ್ಬಿಣದ ಮಾತ್ರೆಗೆ ಇದು ಬದಲಿ ಅಲ್ಲ. ‘ರಾಗಿ ತಿಂತಾಳಲ್ಲ, ಮಾತ್ರೆ ಯಾಕೆ’ ಎಂದು ಮನೆಯಲ್ಲಿ ಯಾರಾದರೂ ಅಂದರೆ ಒಪ್ಪಬೇಡಿ. ಮಾತ್ರೆಯೂ ನಡೆಯಲಿ, ಮೊಳಕೆಯೂ ನಡೆಯಲಿ.