ಮಾರಾಟಗಾರರ ಸೆಟಲ್‌ಮೆಂಟ್ ಮೊತ್ತ ತಡೆಹಿಡಿದ ಕ್ರಮಕ್ಕೆ ಸಂಘದ ಖಂಡನೆ

ನಮ್ಮ ಸದಸ್ಯರಾದ ಇಳಕಲ್ ಸೀರೆ ಮಾರಾಟಗಾರರೊಬ್ಬರಿಗೆ ಸಲ್ಲಬೇಕಾದ ಸೆಟಲ್‌ಮೆಂಟ್ ಮೊತ್ತವನ್ನು ಆನ್‌ಲೈನ್ ಮಾರಾಟ ವೇದಿಕೆಯೊಂದು ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತಿನ ಮರೆಯಲ್ಲಿ ತಡೆಹಿಡಿದಿರುವುದನ್ನೂ, 4417, 4452 ಮತ್ತು 4460ರಲ್ಲಿ ಕೊನೆಗೊಳ್ಳುವ ಮೂರು ಆರ್ಡರ್ ಸಂಖ್ಯೆಗಳನ್ನು ನಮೂದಿಸಿ ಅವರು ಬರೆದ ಪತ್ರಕ್ಕೆ ಕಾರಣಸಹಿತ ಉತ್ತರ ನೀಡದಿರುವುದನ್ನೂ ಸಂಘದ ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ಖಂಡಿಸುತ್ತದೆ.

ಗ್ರಾಹಕರು ಆನ್‌ಲೈನಿನಲ್ಲಿ ಪಾವತಿಸಿದ ಹಣವು ಮಧ್ಯವರ್ತಿಯ ಸ್ವತ್ತಲ್ಲ, ಮಾರಾಟಗಾರನಿಗೆ ತಲುಪಿಸಬೇಕಾದ ನ್ಯಾಸವೆಂಬ ತತ್ತ್ವವು ನಮ್ಮ ಸಂಘದ ಕಲ್ಪನೆಯಲ್ಲ. ಇಂತಹ ಹಣವು ಮಧ್ಯವರ್ತಿಯ ಕೈಗೆ ಸಿಗದಂತೆ ಬ್ಯಾಂಕಿನ ಆಂತರಿಕ ಖಾತೆಯಲ್ಲಿರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2009ರ ನವೆಂಬರಿನಲ್ಲಿಯೇ ನಿರ್ದೇಶಿಸಿತ್ತು. 2020ರ ಮಾರ್ಚ್ ತಿಂಗಳ ಮಾರ್ಗಸೂಚಿಯು ಪಾವತಿ ಸಂಗ್ರಾಹಕರಿಗೆ ಎಸ್ಕ್ರೋ ಖಾತೆಯನ್ನು ವಿಧಿಸಿ, ಮರುಪಾವತಿಯ ಅವಧಿ ಮುಗಿಯುವವರೆಗೆ ಹಣ ಇರಿಸಿಕೊಳ್ಳುವ ಒಪ್ಪಂದವಿದ್ದಲ್ಲಿಯೂ ಆ ಅವಧಿ ಮುಗಿದ ಮರುದಿನದ ಲೆಕ್ಕಕ್ಕೆ ಪಾವತಿಯನ್ನು ಕಟ್ಟಿಹಾಕಿತು.

ಪ್ರಸ್ತುತ ಪ್ರಕರಣದಲ್ಲಿ ಮೂರೂ ಸೀರೆಗಳು ಅಕ್ಟೋಬರಿನಲ್ಲಿಯೇ ಗ್ರಾಹಕರ ಕೈಸೇರಿ, ಹಿಂದಿರುಗಿಸುವ ಅವಧಿಯೂ ಅದೇ ತಿಂಗಳಲ್ಲಿ ಮುಗಿದಿತ್ತು. ಹಿಂದಿರುಗಿದ ಸರಕನ್ನು ಕಳೆದು ಉಳಿದ ನಿವ್ವಳ ಮಾರಾಟದ ಮೇಲಷ್ಟೇ ಜಿಎಸ್‌ಟಿ ಕಾಯ್ದೆಯ 52ನೇ ಕಲಮಿನನ್ವಯ ಮೂಲದಲ್ಲಿ ತೆರಿಗೆ ಸಂಗ್ರಹಿಸಬೇಕಾಗಿದ್ದು, ತೆರಿಗೆ ಹೊರತಾದ ₹12,800 ಮೌಲ್ಯಕ್ಕೆ ಶೇ. 0.5ರಂತೆ ₹64ನ್ನು ಹಿಡಿದು ವೇದಿಕೆಯೇ ತನ್ನ ಜಿಎಸ್‌ಟಿಆರ್-8 ವಿವರಪಟ್ಟಿಯಲ್ಲಿ ಘೋಷಿಸಿದೆ. ಮಾರಾಟಗಾರರಾದರೋ ಕೈಗೆ ಬಾರದ ಹಣದ ಮೇಲಿನ ಶೇ. 5ರ ತೆರಿಗೆ ₹640ನ್ನು ನವೆಂಬರ್ 20ರೊಳಗೆ ಲೆಕ್ಕ ಒಪ್ಪಿಸಿ ತೀರಿಸಿದ್ದಾರೆ. ಸರ್ಕಾರದ ಮುಂದೆ ‘ಮಾರಾಟ ಸಂಪನ್ನ’ ಎಂದು ಘೋಷಿಸಿದ ಸಂಸ್ಥೆಯು ಮಾರಾಟಗಾರನ ಮುಂದೆ ‘ಇನ್ನೂ ಪರಿಶೀಲನೆಯಲ್ಲಿದೆ’ ಎನ್ನುವುದು ಒಂದೇ ವ್ಯವಹಾರಕ್ಕೆ ಎರಡು ನಾಲಿಗೆ ಇಟ್ಟಂತೆ.

ವಂಚನೆಯ ಶಂಕೆಯಿದ್ದಲ್ಲಿ ಪರಿಶೀಲಿಸುವ ವೇದಿಕೆಯ ಅಧಿಕಾರವನ್ನು ಸಂಘವು ಅಲ್ಲಗಳೆಯುವುದಿಲ್ಲ. ಆದರೆ ಅದು ಶಂಕಿತ ಆರ್ಡರಿಗೆ ಮಾತ್ರ ಸೀಮಿತವಾಗಿ, ಕಾರಣ ಮತ್ತು ಗಡುವುಗಳನ್ನು ಲಿಖಿತವಾಗಿ ತಿಳಿಸಿಯೇ ಚಲಾವಣೆಯಾಗಬೇಕು. ಆದ್ದರಿಂದ ಕಮಿಷನ್ ಹಾಗೂ ಸಾಗಣೆ ಶುಲ್ಕಗಳ ಕಡಿತವನ್ನು ಆರ್ಡರುವಾರು ತೋರಿಸಿ ಉಳಿದ ಮೊತ್ತವನ್ನು ಕೂಡಲೇ ಬಿಡುಗಡೆ ಮಾಡುವಂತೆ ವೇದಿಕೆಯನ್ನೂ, ತಡೆಹಿಡಿದ ಹಣವು ಎಸ್ಕ್ರೋ ಖಾತೆಯಲ್ಲಿದೆಯೇ ಅಥವಾ ಬೇರೆಡೆಗೆ ವರ್ಗವಾಗಿದೆಯೇ ಎಂಬುದನ್ನು ಪರಿಶೀಲಿಸುವಂತೆ ರಿಸರ್ವ್ ಬ್ಯಾಂಕನ್ನೂ ಸಂಘವು ಆಗ್ರಹಿಸುತ್ತದೆ. ಇದೇ ಬಗೆಯ ತಡೆಗೆ ಒಳಗಾದ ಸದಸ್ಯರು ಜಿಎಸ್‌ಟಿ ಪೋರ್ಟಲಿನಲ್ಲಿ ತಮ್ಮ ಹೆಸರಿಗೆ ಜಮೆಯಾದ ಮೂಲಸಂಗ್ರಹದ ವಿವರವನ್ನು ಸೆಟಲ್‌ಮೆಂಟ್ ವರದಿಯೊಡನೆ ತಾಳೆ ನೋಡಿ, ವ್ಯತ್ಯಾಸ ಕಂಡ ಆರ್ಡರುಗಳ ಪಟ್ಟಿಯನ್ನು ಸಂಘದ ಕಾರ್ಯದರ್ಶಿಗೆ ಸಲ್ಲಿಸತಕ್ಕದ್ದು.