ಓರೆಯಾಗಿ ತೆಗೆದ ವೇಳಾಪಟ್ಟಿ, ಕೂಳೂರಿನ ಒಂದು ಪ್ರಶ್ನೆ

ಮಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತ ಅಳಿಯ ಗೋಡೆಯ ಮೇಲಿನ ವೇಳಾಪಟ್ಟಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ. ಎದುರಿಗೆ ಜನ ನಿಂತಿದ್ದಾರೆ, ಹಾಗಾಗಿ ಫೋಟೊ ಎಡಬದಿಯಿಂದ ಓರೆಯಾಗಿ ಬಂದಿದೆ. ಕೂಳೂರಿನಲ್ಲಿರುವ ಅತ್ತೆಗೆ ಬೇಕಾದದ್ದು ಒಂದೇ ಮಾತು: "ಉಡುಪಿಗೆ ಇನ್ನು ಬಸ್ ಎಷ್ಟೊತ್ತಿಗೆ ಉಂಟು?" ಉತ್ತರ ಒಂದು ಸಮಯವಷ್ಟೆ. ಆದರೆ ಆ ಸಮಯ ಸರಿಯಾಗಿರಬೇಕಾದರೆ ಫೋಟೊವನ್ನು ಓದುವವರು ಎರಡು ಕಡೆ ಎಚ್ಚರವಾಗಿರಬೇಕು. ಒಂದು, ಸಾಲು ತಪ್ಪುವುದು. ಇನ್ನೊಂದು, ಸಾಲು ಸರಿಯಾಗಿದ್ದರೂ ಊರು ತಪ್ಪುವುದು.

ಮೊದಲು ಸಾಲಿನ ವಿಷಯ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಎಡಬದಿಯಲ್ಲಿ ನಿಂತು ತೆಗೆದ ಚಿತ್ರದಲ್ಲಿ ಫಲಕದ ಎಡ ಅಂಚು ಎತ್ತರವಾಗಿಯೂ ಬಲ ಅಂಚು ಗಿಡ್ಡವಾಗಿಯೂ ಇರುತ್ತದೆ. ಆಗ ಸಾಲುಗಳು ಅಡ್ಡಲಾಗಿ ಉಳಿಯುವುದಿಲ್ಲ. ಕ್ಯಾಮೆರಾಗಿಂತ ಮೇಲಿರುವ ಸಾಲುಗಳು ದೂರ ಹೋದಂತೆ ಕೆಳಕ್ಕೆ ಇಳಿಯುತ್ತವೆ, ಕೆಳಗಿರುವವು ಮೇಲಕ್ಕೆ ಏರುತ್ತವೆ, ಕ್ಯಾಮೆರಾದ ಮಟ್ಟದಲ್ಲಿರುವ ಸಾಲು ಮಾತ್ರ ನೆಟ್ಟಗಿರುತ್ತದೆ. ನಮ್ಮ ಕಣ್ಣು ಮಾತ್ರ ಪುಸ್ತಕ ಓದಿದ ಅಭ್ಯಾಸದಲ್ಲಿ ನೇರ ಅಡ್ಡಕ್ಕೇ ಹೋಗುತ್ತದೆ.

ಇದರಿಂದ ಎಷ್ಟು ತಪ್ಪಾಗಬಹುದು? ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಪಟ್ಟಿ ಇಟ್ಟುಕೊಳ್ಳೋಣ. ಇಪ್ಪತ್ತು ಸಾಲು; ಎಡದ ಕಾಲಂನಲ್ಲಿ ಮಂಗಳೂರು ಬಿಡುವ ಹೊತ್ತು, ನಡುವೆ ಸುರತ್ಕಲ್, ಬಲದ ತುದಿಯಲ್ಲಿ ಉಡುಪಿ. ಮಧ್ಯಾಹ್ನ 12.00ರಿಂದ 20 ನಿಮಿಷಕ್ಕೊಂದು ಬಸ್. ಸುರತ್ಕಲ್‌ಗೆ 40 ನಿಮಿಷ, ಉಡುಪಿಗೆ 1 ಗಂಟೆ 25 ನಿಮಿಷ. ಕ್ಯಾಮೆರಾ ಪಟ್ಟಿಯ ನಡುಮಟ್ಟದಲ್ಲಿದ್ದು, ಪರದೆಯ ಮೇಲೆ ಪಟ್ಟಿಯ ಎಡ ಅಂಚು 10 ಸೆಂಟಿಮೀಟರ್, ಬಲ ಅಂಚು 7 ಸೆಂಟಿಮೀಟರ್ ಎತ್ತರ ಕಾಣುತ್ತಿದೆ. ಅಂದರೆ ಒಂದು ಸಾಲಿಗೆ ಎಡದಲ್ಲಿ 5 ಮಿಲಿಮೀಟರ್, ಬಲದಲ್ಲಿ ಬರೀ ಮೂರೂವರೆ. ಐದನೇ ಸಾಲಿನ ಬಸ್ 1.20ಕ್ಕೆ ಮಂಗಳೂರು ಬಿಟ್ಟು 2.45ಕ್ಕೆ ಉಡುಪಿ ಮುಟ್ಟಬೇಕು. ಅಲ್ಲಿಂದ ನೇರ ಅಡ್ಡಕ್ಕೆ ಬೆರಳು ಎಳೆದರೆ ಬಲ ತುದಿಯಲ್ಲಿ ಸಿಗುವುದು ಮೂರನೇ ಸಾಲು, 2.05. ಎರಡು ಬಸ್ಸುಗಳಷ್ಟು ತಪ್ಪು! ಹದಿನಾರನೇ ಸಾಲಿನಲ್ಲಿ ಇದೇ ತಪ್ಪು ತಿರುವುಮುರುವಾಗುತ್ತದೆ: 5.00ಕ್ಕೆ ಬಿಟ್ಟ ಬಸ್ 6.25ರ ಬದಲು 7.05ಕ್ಕೆ ಉಡುಪಿ ತಲುಪಿದಂತೆ ಕಾಣುತ್ತದೆ. ನಡುವಿನ ಹತ್ತು ಮತ್ತು ಹನ್ನೊಂದನೇ ಸಾಲುಗಳಲ್ಲಿ ಮಾತ್ರ ಎಲ್ಲವೂ ಸರಿಯಾಗಿರುತ್ತದೆ.

ತಪ್ಪನ್ನು ಹಿಡಿಯುವ ಉಪಾಯವೂ ಈ ಲೆಕ್ಕದಲ್ಲೇ ಇದೆ. ಒಂದೇ ದಾರಿಯ ಬಸ್ಸುಗಳು ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ ಹೊತ್ತು ತೆಗೆದುಕೊಳ್ಳುತ್ತವೆ. ಮೇಲಿನ ಒಂದು, ನಡುವಿನ ಒಂದು, ಕೆಳಗಿನ ಒಂದು ಸಾಲಿನಲ್ಲಿ ಬಿಡುವ ಮತ್ತು ಮುಟ್ಟುವ ಹೊತ್ತುಗಳ ಅಂತರ ನೋಡಿ. ಮೇಲೆ ಮುಕ್ಕಾಲು ಗಂಟೆ, ಕೆಳಗೆ ಎರಡು ಗಂಟೆ ಎಂದು ಬಂದರೆ ಬಸ್ಸಿನ ವೇಗ ಬದಲಾಗಿಲ್ಲ, ನಿಮ್ಮ ಬೆರಳು ಜಾರಿದೆ.

ಸರಿಯಾಗಿ ಓದಲು ದೊಡ್ಡ ಸಾಧನವೇನೂ ಬೇಡ. ಓರೆ ಫೋಟೊದಲ್ಲಿ ಸಾಲು ವಾಲುತ್ತದೆಯೇ ಹೊರತು ಬಾಗುವುದಿಲ್ಲ. ಹಾಗಾಗಿ ಒಂದು ಕಾಗದದ ಅಂಚನ್ನು ಪರದೆಯ ಮೇಲಿಟ್ಟು, ಆ ಸಾಲಿನ ಬಳಿಯ ಮುದ್ರಿತ ಗೆರೆಗೆ ಹೊಂದುವಂತೆ ವಾಲಿಸಿದರೆ ಸಾಕು. ಗೆರೆ ಇಲ್ಲದಿದ್ದರೆ ಎರಡೂ ತುದಿಯಲ್ಲಿ ಸಾಲು ಎಣಿಸಬೇಕು. ಫೋನಿನ ಸ್ಕ್ಯಾನ್ ಸೌಲಭ್ಯದಲ್ಲಿ ನಾಲ್ಕು ಮೂಲೆಗಳನ್ನು ಎಳೆದು ಚಿತ್ರವನ್ನು ನೇರ ಮಾಡಬಹುದು. ಅದು ಸಾಲನ್ನು ಸರಿಪಡಿಸುತ್ತದೆ, ಆದರೆ ದೂರದ ತುದಿಯಲ್ಲಿ ಮಸುಕಾದ ಅಂಕಿಗೆ ಇಲ್ಲದ ಸ್ಪಷ್ಟತೆ ಕೊಡುವುದಿಲ್ಲ. 3 ಮತ್ತು 8, 1 ಮತ್ತು 7 ಅಲ್ಲಿ ಒಂದೇ ಥರ ಕಾಣುತ್ತವೆ. ಆಗ ನೆರವಿಗೆ ಬರುವುದು ಮೇಲಿನ ಮತ್ತು ಕೆಳಗಿನ ಸಾಲು: 4.20 ಮತ್ತು 5.00ರ ನಡುವೆ 4.10 ಇರಲಾರದು. ಆಗಲೂ ಅನುಮಾನ ಉಳಿದರೆ ಮುಂಚಿನ ಹೊತ್ತನ್ನೇ ಹೇಳುವುದು ಒಳ್ಳೆಯದು. ಬೇಗ ಬಂದವರು ಸ್ವಲ್ಪ ಕಾಯುತ್ತಾರೆ, ತಡವಾಗಿ ಬಂದವರಿಗೆ ಬಸ್ಸೇ ತಪ್ಪುತ್ತದೆ.

ಇನ್ನು ಊರಿನ ವಿಷಯ. ನನ್ನ ದೃಷ್ಟಿಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಕೂಳೂರು ಇರುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಮಂಗಳೂರು ಮತ್ತು ಸುರತ್ಕಲ್ ನಡುವೆ, ಫಲ್ಗುಣಿ ನದಿಯ ದಡದಲ್ಲಿ. ನಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅಲ್ಲಿರುವುದು ಬಸ್ ಹೊರಡುವ ಜಾಗದ ಹೊತ್ತು. ಸುರತ್ಕಲ್‌ಗೆ 40 ನಿಮಿಷವಾದರೆ, ಪೇಟೆಯೊಳಗಿನ ನಿಧಾನವನ್ನೂ ಸೇರಿಸಿ ಕೂಳೂರಿಗೆ ಸುಮಾರು 25 ನಿಮಿಷ ಎಂದುಕೊಳ್ಳೋಣ.

ಈಗ ಗಂಟೆ 4.55. ಪಟ್ಟಿಯಲ್ಲಿ ಇದರ ನಂತರದ ಸಾಲು 5.00. ಅವಸರದಲ್ಲಿ ಓದುವವರು "ಐದು ಗಂಟೆಗೆ" ಎಂದುಬಿಡುತ್ತಾರೆ. ಸ್ವಲ್ಪ ಯೋಚಿಸುವವರು 25 ನಿಮಿಷ ಕೂಡಿಸಿ "ಐದು ಇಪ್ಪತ್ತೈದಕ್ಕೆ" ಎನ್ನುತ್ತಾರೆ. ಎರಡೂ ತಪ್ಪು. 4.40ಕ್ಕೆ ಮಂಗಳೂರು ಬಿಟ್ಟ ಬಸ್ ಆಗಲೇ ದಾರಿಯಲ್ಲಿದೆ, 5.05ರ ಹೊತ್ತಿಗೆ ಕೂಳೂರಿಗೆ ಬರುತ್ತದೆ. ಪಟ್ಟಿಯ ಪ್ರಕಾರ ಅದು "ಹೋದ ಬಸ್", ಅತ್ತೆಯ ಪಾಲಿಗೆ ಅದೇ ಮುಂದಿನದು. ಆದ್ದರಿಂದ ನಡುದಾರಿಯ ಊರಿನವರಿಗೆ ಹೇಳುವಾಗ ಮೊದಲು ಈಗಿನ ಹೊತ್ತಿನಿಂದ ದಾರಿಯ ಹೊತ್ತನ್ನು ಕಳೆಯಬೇಕು. 4.55ರಿಂದ 25 ಕಳೆದರೆ 4.30, ಅದರ ನಂತರದ ಸಾಲು 4.40. ಅದಕ್ಕೆ 25 ಕೂಡಿಸಿದರೆ 5.05. ಉಡುಪಿಯಿಂದ ಮಂಗಳೂರಿಗೆ ಬರುವ ಪಟ್ಟಿಯಾದರೆ ಕೂಳೂರು ದಾರಿಯ ಕೊನೆಗೆ ಸಿಗುತ್ತದೆ. ಆಗ ಕಳೆಯಬೇಕಾದದ್ದು ಒಂದು ಗಂಟೆ, ಲೆಕ್ಕದೊಳಗೆ ಬರುವ "ಹೋದ ಬಸ್"ಗಳು ಮೂರು.

ಈ 25 ನಿಮಿಷ ಅಂದಾಜು ಎಂಬುದನ್ನು ಮರೆಯಬಾರದು. ಸಂಜೆ ಕೊಟ್ಟಾರ ಚೌಕಿಯಲ್ಲೋ ಕೂಳೂರು ಸೇತುವೆಯ ಬಳಿಯೋ ವಾಹನಗಳು ಕಟ್ಟಿಕೊಂಡರೆ ಅದು ಹಿಗ್ಗುತ್ತದೆ. ಉಡುಪಿ ಬಸ್ಸಿಗೆ ಕೊಟ್ಟಾರ ಮೊದಲು ಸಿಗುತ್ತದೆ, ಕೂಳೂರು ಆಮೇಲೆ. ಹಾಗಾಗಿ ಅಲ್ಲಿನ ತಡ ಇಲ್ಲಿಗೆ ಪೂರ್ತಿ ಬರುತ್ತದೆ.

ರೈಲಿನ ಪಟ್ಟಿಯಲ್ಲಿ ಊರಿನ ತೊಡಕು ಕಡಿಮೆ, ಏಕೆಂದರೆ ನಿಲ್ದಾಣದ ಫಲಕದಲ್ಲಿ ಆ ನಿಲ್ದಾಣದ ಹೊತ್ತೇ ಇರುತ್ತದೆ. ಅಲ್ಲಿ ಕಾಡುವುದು ಬೇರೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮುಂಬೈಯಿಂದ ಬರುವಾಗ 12619, ಹೋಗುವಾಗ 12620. ಮಸುಕು ಚಿತ್ರದಲ್ಲಿ ಕೊನೆಯ ಅಂಕಿಗಳನ್ನು ತಪ್ಪಾಗಿ ಓದಿದರೆ ದಿಕ್ಕೇ ತಿರುಗುತ್ತದೆ. ಸುರತ್ಕಲ್ ನಿಲ್ದಾಣವಿರುವ ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಇದೆ, ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ. ಗುಡ್ಡ ಕುಸಿಯುವ ಭಯಕ್ಕೆ ಆಗ ರೈಲುಗಳನ್ನು ನಿಧಾನವಾಗಿ ಓಡಿಸುತ್ತಾರೆ. ಮೇ ತಿಂಗಳಲ್ಲಿ ತೆಗೆದ ಫೋಟೊವನ್ನು ಜುಲೈನಲ್ಲಿ ಎಷ್ಟು ಚೆನ್ನಾಗಿ ಓದಿದರೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಲೆಕ್ಕ ಓದುವವರ ತಲೆಯಲ್ಲಿರಬೇಕು, ಕೇಳಿದವರ ಮುಂದೆ ಹರಡಬೇಕಾಗಿಲ್ಲ. ಇಡೀ ಪಟ್ಟಿಯನ್ನು ಟೈಪ್ ಮಾಡಿ ಕಳಿಸುವುದೂ, "ಫೋಟೊ ಸರಿಯಿಲ್ಲ" ಎಂದು ಕೈಬಿಡುವುದೂ ನನಗೆ ಸರಿಕಾಣುವುದಿಲ್ಲ. ಸಮಯ ಮೊದಲು ಬರಲಿ, ಅವರ ತೀರ್ಮಾನವನ್ನು ಬದಲಿಸಬಹುದಾದ ಸಂಗತಿ ಇದ್ದರೆ ಅದೊಂದು ಜೊತೆಗಿರಲಿ: "ಅತ್ತೆ, 5.05ರ ಹೊತ್ತಿಗೆ ಕೂಳೂರಿಗೆ ಬರ್ತದೆ, ಈಗಲೇ ಹೊರಡಿ. ಅದು ತಪ್ಪಿದ್ರೆ 5.25ಕ್ಕೆ ಇನ್ನೊಂದು ಉಂಟು." ಪಟ್ಟಿಯ ಕೆಳಗೆ "ಭಾನುವಾರ ಇಲ್ಲ" ಎಂಬಂಥ ಟಿಪ್ಪಣಿ ಇರುವ ಜಾಗವೇ ಫೋಟೊದಲ್ಲಿ ಕತ್ತರಿಸಿಹೋಗಿದ್ದು, ಅಂದು ಭಾನುವಾರವಾಗಿದ್ದರೆ, ಅಳಿಯ ನಿಲ್ದಾಣ ಬಿಡುವ ಮೊದಲೇ ಆ ಮೂಲೆಯ ಇನ್ನೊಂದು ಫೋಟೊ ಕೇಳಬೇಕು.