ಕಾಲೆಳೆಯುವುದೂ ಒಂದು ಕೆಲಸವೇ

ಹಾಸ್ಟೆಲ್‌ನ ಬೀಳ್ಕೊಡುಗೆ ದಿನ ರೂಮ್‌ಮೇಟ್‌ನನ್ನು ಐದು ನಿಮಿಷ 'ರೋಸ್ಟ್' ಮಾಡುವ ಹೊಣೆ ನನ್ನ ಹೆಗಲಿಗೆ ಬಿತ್ತು. ಮೂರು ವರ್ಷ ದಿನವೂ ಅವನ ಕಾಲೆಳೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಬರೆಯಲು ಕುಳಿತಾಗ ಹಾಳೆಯ ಮೇಲೆ ಬಂದಿದ್ದು ಮೂರೇ ಸಾಲು: ಸೋಮಾರಿ, ಜಿಪುಣ, ತಿಂಡಿಪೋತ. ಇದು ಬೈಗುಳದ ಪಟ್ಟಿ, ಜೋಕ್ ಅಲ್ಲ.

ಹಾಗಾಗಿ ಎರಡು ವಾರ ಬರೆಯುವುದನ್ನೇ ಬಿಟ್ಟು ಬರೀ ನೋಡಿದೆ. ಅವನು ಮಾಡುವುದು, ಹೇಳುವುದು, ಪದೇ ಪದೇ ಬಳಸುವ ಮಾತು, ಎಲ್ಲವನ್ನೂ ಮೊಬೈಲ್‌ನಲ್ಲಿ ಗುರುತು ಹಾಕಿಕೊಂಡೆ. ಮೆಸ್‌ನವರನ್ನೂ ಪಕ್ಕದ ರೂಮಿನವರನ್ನೂ ಕೇಳಿದೆ. 'ಅವನು ಹೇಗೆ?' ಎಂದು ಕೇಳಿದರೆ 'ಒಳ್ಳೆಯವನು ಬಿಡಪ್ಪ' ಅನ್ನುತ್ತಾರೆ. 'ಅವನ ಮೇಲೆ ಕೊನೆಗೆ ಯಾವಾಗ ಸಿಟ್ಟು ಬಂತು?' ಎಂದು ಕೇಳಿದರೆ ಕಥೆ ಹೊರಬರುತ್ತದೆ. ಹೀಗೆ ನಲವತ್ತು ಟಿಪ್ಪಣಿ ಆದವು. ಅದರಲ್ಲಿ ಇಪ್ಪತ್ತೆರಡು ಜೋಕ್ ಆದವು, ವೇದಿಕೆಗೆ ಹೋಗಿದ್ದು ಒಂಬತ್ತು.

ಒಂದನ್ನು ಬಿಡಿಸಿ ಹೇಳುತ್ತೇನೆ. ಅವನು ಸರ್ಕಾರಿ ನೌಕರಿ ಪರೀಕ್ಷೆಗೆ ಓದುವವನು. ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುವುದೇ ಅವನ ಹವ್ಯಾಸ. ನಾನು ಮೊದಲು ಬರೆದದ್ದು: 'ನಾಲ್ಕು ಗಂಟೆಗೆ ಅವನ ಅಲಾರಂ ಹೊಡೆದಾಗ ಅವನೊಬ್ಬನನ್ನು ಬಿಟ್ಟು ಇಡೀ ಹಾಸ್ಟೆಲ್ ಎಚ್ಚರಗೊಳ್ಳುತ್ತದೆ.' ಓದಿ ತೋರಿಸಿದರೆ ಯಾರೂ ನಗಲಿಲ್ಲ. ಗುಟ್ಟು ಇರುವುದು 'ಅವನೊಬ್ಬನನ್ನು ಬಿಟ್ಟು' ಎಂಬಲ್ಲಿ. ಅದು ಮಧ್ಯದಲ್ಲೇ ಹೊರಬಿದ್ದರೆ ಉಳಿದ ವಾಕ್ಯ ಸುಮ್ಮನೆ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ತಾಪತ್ರಯ ಹೆಚ್ಚು. ಅದಕ್ಕೆ ವಾಕ್ಯ ಒಡೆದೆ: 'ನಾಲ್ಕಕ್ಕೆ ಅಲಾರಂ ಹೊಡೆಯುತ್ತೆ. ಇಡೀ ಹಾಸ್ಟೆಲ್ ಏಳುತ್ತೆ. ಅವನೊಬ್ಬನನ್ನು ಬಿಟ್ಟು.' ನಕ್ಕರು. ನಗು ಇಳಿಯುವ ಮೊದಲೇ ಮೇಲೊಂದು ಸೇರಿಸಿದೆ: 'ನನಗೆ ಕೆಲಸ ಸಿಕ್ಕರೆ ಅದು ಅವನ ಅಲಾರಂ ಓದಿಸಿದ್ದು.' ಹೊಸ ವಿಷಯ ಬೇಕಿಲ್ಲ. ಕಟ್ಟಿದ ಜಾಗದಲ್ಲೇ ಇನ್ನೊಂದು ನಗು ಸಿಗುತ್ತದೆ.

ಮುಂದಿನದು ಕತ್ತರಿ ಕೆಲಸ. ಗಟ್ಟಿಯಾಗಿ ಓದಿ ಸಮಯ ನೋಡಿದರೆ ಒಂಬತ್ತು ನಿಮಿಷ! ನಗುವಿಗೂ ಜಾಗ ಬಿಡಬೇಕಾದ್ದರಿಂದ ಓದುವಾಗ ನಾಲ್ಕು ನಿಮಿಷಕ್ಕೆ ಇಳಿಯಬೇಕಿತ್ತು. ಮೊದಲ ಪರೀಕ್ಷೆ ಸುಲಭ: ಅವನ ಹೆಸರಿನ ಜಾಗದಲ್ಲಿ ಬೇರೆಯವನ ಹೆಸರು ಹಾಕು. ಆಗಲೂ ಜೋಕ್ ನಡೆದರೆ ತೆಗೆ. ಬಾತ್‌ರೂಮಿನ ಹಾಡು, ಸಾಲ ವಾಪಸ್ ಕೊಡದ ಕಥೆ, ಎಲ್ಲ ಹೋದವು. ಎರಡನೆಯದು: ನಗುವ ಮೊದಲು 'ಏನಾಗಿತ್ತು ಅಂದ್ರೆ...' ಎಂದು ವಿವರಿಸಬೇಕಾದರೆ ಅದು ರೂಮಿನ ಜೋಕ್, ವೇದಿಕೆಯದ್ದಲ್ಲ. ಅವೂ ಹೋದವು.

ಕಷ್ಟವಾಗಿದ್ದು ಮೂರನೆಯದು. ಆ ವರ್ಷ ಅವನು ಒಂದು ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ತಪ್ಪಿಹೋಗಿದ್ದ. ಅದರ ಮೇಲೊಂದು ಜೋಕ್ ಬರೆದಿದ್ದೆ. ಇಬ್ಬರು ಗೆಳೆಯರ ಮುಂದೆ ಹೇಳಿದಾಗ ಇಡೀ ಪಟ್ಟಿಯಲ್ಲಿ ಅದಕ್ಕೇ ಜೋರು ನಗು. ನಕ್ಕು ಮುಗಿಸಿದ ಮೇಲೆ ಒಬ್ಬ ಕೇಳಿದ, 'ಅವತ್ತು ಅವರ ಅಪ್ಪನೂ ಬರ್ತಾರಲ್ವೇನೋ?'

ರಾತ್ರಿಯಿಡೀ ಅದನ್ನು ಉಳಿಸಿಕೊಳ್ಳಲು ನೆಪ ಹುಡುಕಿದೆ. ರೋಸ್ಟ್ ಎಂದಮೇಲೆ ಖಾರ ಬೇಡವೇ? ಬೇಕು. ಮದುವೆಯಲ್ಲಿ ಬೀಗರ ಹಾಡು ಹೇಳಿ ಹಂಗಿಸುವ ನಾಡು ನಮ್ಮದು. ಆದರೆ ಟೈಮ್‌ಟೇಬಲ್ ಅವನೇ ಗೋಡೆಗೆ ಅಂಟಿಸಿ ಊರಿಗೆಲ್ಲ ತೋರಿಸಿದ್ದು; ಫಲಿತಾಂಶವನ್ನು ಅವನು ದಿಂಬಿನಡಿ ಇಟ್ಟುಕೊಂಡಿದ್ದ. ಮೈಬಣ್ಣ, ಎತ್ತರ, ಜಾತಿ, ಇಂಗ್ಲಿಷ್ ಉಚ್ಚಾರಣೆ ಇವುಗಳ ಜೋಕಿಗೂ ನಗು ಬರುತ್ತದೆ. ಆದರೆ ಕುಳಿತವನು ನಗುವಂತೆ ನಟಿಸಬೇಕಾಗುತ್ತದೆ. ಅದಕ್ಕೇ ನನ್ನ ಲೆಕ್ಕದಲ್ಲಿ ದುರ್ಬಲ ಜೋಕ್ ಎಂದರೆ ಕಡಿಮೆ ನಗು ತರುವುದಲ್ಲ, ಆ ಕುರ್ಚಿಯಲ್ಲಿ ಕುಳಿತವನು ನಾಳೆ ತಾನೇ ಇನ್ನೊಬ್ಬರಿಗೆ ಹೇಳಲಾಗದ್ದು. ಅದನ್ನು ತೆಗೆದೆ.

ವೇದಿಕೆಯಲ್ಲಿ ಮೊದಲ ಜೋಕ್ ನನ್ನ ಮೇಲೆಯೇ ಮಾಡಿಕೊಂಡೆ. ಹೊಡೆತ ಎರಡೂ ಕಡೆಗಿದೆ ಎಂದು ಗೊತ್ತಾಗಲಿ ಎಂದು. ಮೆಸ್ ಸಾಂಬಾರಿನದ್ದು ಪೂರ್ತಿ ಬಿದ್ದುಹೋಯಿತು. ಮೊದಲ ಪರೀಕ್ಷೆಯಲ್ಲೇ ತೆಗೆಯಬೇಕಿದ್ದನ್ನು ಮೋಹಕ್ಕೆ ಉಳಿಸಿಕೊಂಡಿದ್ದೆ. ಕೊನೆಗೆ ಮತ್ತೆ ಅಲಾರಂಗೆ ಬಂದೆ: 'ನಾಳೆಯಿಂದ ನಾಲ್ಕಕ್ಕೆ ನಮ್ಮನ್ನು ಎಬ್ಬಿಸುವವರಿಲ್ಲ. ಇನ್ನು ಪಾಸಾಗೋದು ಕಷ್ಟ ಕಣೋ.' ಅವನ ಅಪ್ಪ ನಕ್ಕರು. ಅವನು ನಗುತ್ತಲೇ ಕಣ್ಣೊರೆಸಿಕೊಂಡ.

ಕಳೆದ ವಾರ ಫೋನ್ ಮಾಡಿದ್ದ. ಹೊಸ ರೂಮಿನವರಿಗೆ ಅಲಾರಂ ಜೋಕ್ ಈಗ ಅವನೇ ಹೇಳುತ್ತಾನಂತೆ. ನನಗಿಂತ ಚೆನ್ನಾಗಿ.